ಐದನೇ ತಾರೀಖಿನ ಕಂತು

ಆನ್‌ಲೈನ್ ಅಂಗಡಿಯಲ್ಲಿ ಸಾಮಾನು ಆರಿಸಿ ಹಣ ಕಟ್ಟುವ ಪುಟಕ್ಕೆ ಬಂದಾಗ ಯುಪಿಐ, ಕಾರ್ಡು, ನೆಟ್‌ಬ್ಯಾಂಕಿಂಗ್‌ಗಳ ಜೊತೆಗೆ ‘ಪೇ ಲೇಟರ್’ ಎಂಬ ಇನ್ನೊಂದು ಸಾಲೂ ಇರುತ್ತದೆ. ಅದನ್ನು ಒತ್ತಿದ ಬಹಳ ಜನಕ್ಕೆ ತಾವು ಸಾಲ ಮಾಡಿದೆವು ಅನ್ನಿಸುವುದೇ ಇಲ್ಲ. ಬಡ್ಡಿ ಇಲ್ಲ, ಕಾಗದಪತ್ರ ಇಲ್ಲ, ಒಂದು ಒಟಿಪಿ ಹಾಕಿದರೆ ಮುಗಿಯಿತು. ಆದರೆ ಆ ಗಳಿಗೆಯಲ್ಲಿ ಯಾವುದೋ ಒಂದು ಬ್ಯಾಂಕೋ ಎನ್‌ಬಿಎಫ್‌ಸಿಯೋ ನಮ್ಮ ಹೆಸರಿನಲ್ಲಿ ಸಾಲದ ಖಾತೆ ತೆರೆದಿರುತ್ತದೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಡಿಜಿಟಲ್ ಸಾಲಗಳಿಗೆ ನಿಯಮ ಮಾಡಿದಾಗ ಇದನ್ನು ಬಿಡಿಸಿಯೇ ಹೇಳಿತು: ಅಂಗಡಿಯ ವೇದಿಕೆಯ ಮೇಲೆ ಕೊಡುವ ಇಂಥ ಸಣ್ಣ ಅವಧಿಯ ಸಾಲಗಳನ್ನೂ, ಯಾವ ಬಗೆಯದೇ ಆಗಿರಲಿ, ಸಿಬಿಲ್‌ನಂಥ ಸಾಲಮಾಹಿತಿ ಸಂಸ್ಥೆಗಳಿಗೆ ವರದಿ ಮಾಡಲೇಬೇಕು.

ಹಾಗಾಗಿ ಈ ಕಂತು ತಪ್ಪಿದಾಗ ಏನಾಗುತ್ತದೆ ಎಂಬುದು ತಿಳಿದಿರಬೇಕಾದ ಸಂಗತಿ. ತಪ್ಪುವುದು ಎರಡು ಜಾಗದಲ್ಲಿ. ಒಂದು, ಕೊಳ್ಳುವ ಹೊತ್ತಿನಲ್ಲಿಯೇ. ಇನ್ನೊಂದು, ತಿಂಗಳಾದ ಮೇಲೆ ಕಂತಿನ ದಿನ. ಮೊಬೈಲಿನಲ್ಲಿ ಎರಡಕ್ಕೂ ಅದೇ ಕೆಂಪು ಗುರುತು ಕಾಣುತ್ತದೆಯಾದರೂ ಎರಡರ ಪರಿಣಾಮಕ್ಕೂ ಅಜಗಜಾಂತರ ವ್ಯತ್ಯಾಸ. ಎರಡನೆಯದನ್ನು ಮೊದಲು ನೋಡೋಣ. ಅದು ಅರ್ಥವಾದರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ಪೇ ಲೇಟರ್ ಆ್ಯಪ್ ಒಂದು 30,000 ರೂಪಾಯಿಯ ಮಿತಿ ಕೊಟ್ಟಿದೆ. ಆಕೆ 18,000 ರೂಪಾಯಿಯ ವಾಷಿಂಗ್ ಮೆಷಿನ್ ಕೊಂಡಳು. ಪ್ರತಿ ತಿಂಗಳು ಐದನೇ ತಾರೀಖು 6,000ದಂತೆ ಮೂರು ಕಂತು, ಬಡ್ಡಿ ಇಲ್ಲ. ಕೊಳ್ಳುವಾಗ ತನ್ನ ಸಂಬಳದ ಖಾತೆಯಿಂದ ಕಂತು ತಾನಾಗಿ ಕಡಿತವಾಗಲಿ ಎಂದು ಒಪ್ಪಿಗೆಯನ್ನೂ ಕೊಟ್ಟಿದ್ದಾಳೆ. ಈ ಒಪ್ಪಿಗೆಗೆ ಬ್ಯಾಂಕಿನವರ ಭಾಷೆಯಲ್ಲಿ ಮ್ಯಾಂಡೇಟ್ ಅನ್ನುತ್ತಾರೆ. ಯಾವ ಖಾತೆ, ಗರಿಷ್ಠ ಎಷ್ಟು ಹಣ, ಎಷ್ಟು ದಿನಕ್ಕೊಮ್ಮೆ, ಯಾವ ದಿನದಿಂದ ಯಾವ ದಿನದವರೆಗೆ, ಇವಿಷ್ಟೂ ಅದರಲ್ಲಿ ಬರೆದಿರುತ್ತದೆ.

ಕಂತಿನ ದಿನ ಬಂದಾಗ ಸಾಲ ಕೊಟ್ಟ ಸಂಸ್ಥೆ ನೇರವಾಗಿ ಆಕೆಯ ಖಾತೆಗೆ ಕೈಹಾಕುವುದಿಲ್ಲ. ಆ ದಿನ ಕಂತು ಕಟ್ಟಬೇಕಾದ ಎಲ್ಲರ ಪಟ್ಟಿಯನ್ನು ಒಂದು ಕಡತ ಮಾಡಿ ತನ್ನ ಬ್ಯಾಂಕಿಗೆ ಕೊಡುತ್ತದೆ. ಆ ಬ್ಯಾಂಕು ಅದನ್ನು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ನಡೆಸುವ ನ್ಯಾಚ್ ವ್ಯವಸ್ಥೆಗೆ ಒಪ್ಪಿಸುತ್ತದೆ. ನ್ಯಾಚ್ ಆ ಪಟ್ಟಿಯನ್ನು ಬ್ಯಾಂಕುವಾರು ವಿಂಗಡಿಸಿ ಆಯಾ ಗ್ರಾಹಕರ ಬ್ಯಾಂಕಿಗೆ ಕಳಿಸುತ್ತದೆ. ಕೊನೆಗೆ ಆಕೆಯ ಬ್ಯಾಂಕು ಖಾತೆ ನೋಡಿ ಹಣ ಕೊಡುತ್ತದೆ, ಇಲ್ಲವೇ ಕಾರಣ ಬರೆದು ಹಿಂದಕ್ಕೆ ಕಳಿಸುತ್ತದೆ. 2021ರ ಆಗಸ್ಟ್ ಒಂದರಿಂದ ನ್ಯಾಚ್ ಭಾನುವಾರವೂ ಹಬ್ಬದ ರಜೆಯ ದಿನವೂ ನಡೆಯುತ್ತದೆ. ‘ಇವತ್ತು ಬ್ಯಾಂಕ್ ರಜೆ, ನಾಳೆ ಕಡಿತವಾಗುತ್ತದೆ’ ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ.

ಆ ತಿಂಗಳು ಸಂಬಳ ತಡವಾಯಿತು ಅಂದುಕೊಳ್ಳಿ. ಐದನೇ ತಾರೀಖು ಬೆಳಗ್ಗೆ ಆಕೆಯ ಖಾತೆಯಲ್ಲಿ 5,640 ರೂಪಾಯಿ ಇತ್ತು. ಕಂತಿಗೆ 360 ಕಡಿಮೆ. ನ್ಯಾಚ್‌ನಲ್ಲಿ ಇದ್ದಷ್ಟು ಕೊಡುವುದು ಎಂಬುದಿಲ್ಲ. ಪೂರ್ತಿ ಹಣ ಇದ್ದರೆ ಪೂರ್ತಿ ಹೋಗುತ್ತದೆ, ಒಂದೇ ರೂಪಾಯಿ ಕಡಿಮೆಯಿದ್ದರೂ ಕಂತು ಪೂರ್ತಿ ಬೌನ್ಸ್. ಮಧ್ಯಾಹ್ನ ಎಸ್ಸೆಮ್ಮೆಸ್ ಬಂತು. ಆಕೆ ತಮ್ಮನಿಂದ 400 ರೂಪಾಯಿ ಹಾಕಿಸಿಕೊಂಡಳು. ಖಾತೆಯಲ್ಲಿ 6,040 ಆಯಿತು. ಮತ್ತೆ ಕಡಿತಕ್ಕೆ ಬಂದಾಗ ಹೋಗುತ್ತದೆ ಎಂದು ನೆಮ್ಮದಿಯಾದಳು.

ಹೆಚ್ಚಿನ ಜನ ಜಾರುವುದು ಇಲ್ಲಿಯೇ. ಬೌನ್ಸ್ ಆದದ್ದಕ್ಕೆ ಆಕೆಯ ಸ್ವಂತ ಬ್ಯಾಂಕು ಶುಲ್ಕ ಹಾಕುತ್ತದೆ. ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಇಲ್ಲಿ 300 ರೂಪಾಯಿ ಎಂದಿಟ್ಟುಕೊಂಡರೆ, ಅದರ ಮೇಲೆ ಶೇ. 18 ಜಿಎಸ್‌ಟಿ 54 ರೂಪಾಯಿ ಸೇರಿ 354. ಈ ಹಣ ಖಾತೆಯಿಂದ ಹೋಗುವುದು ಆ ರಾತ್ರಿಯೋ ಮಾರನೆಯ ದಿನವೋ. ಉಳಿದದ್ದು 5,686. ಎಂಟನೇ ತಾರೀಖು ಸಂಸ್ಥೆ ಅದೇ ಕಂತನ್ನು ಮತ್ತೆ ಕಳಿಸಿದಾಗ 314 ರೂಪಾಯಿ ಕಡಿಮೆ ಬಿತ್ತು. ಎರಡನೇ ಬೌನ್ಸ್, ಇನ್ನೊಂದು 354. ಹೀಗೆ 360 ರೂಪಾಯಿಯ ಕೊರತೆಗೆ 708 ರೂಪಾಯಿ ಶುಲ್ಕ ಹೋಯಿತು, ಕಂತು ಮಾತ್ರ ಇನ್ನೂ ಬಾಕಿಯೇ. ಸಾಲ ಕೊಟ್ಟ ಸಂಸ್ಥೆ ವಿಧಿಸುವ ದಂಡ ಬೇರೆ. ಆ ದಂಡವನ್ನು ಸಾಲಕ್ಕೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಕಟ್ಟಪ್ಪಣೆ ಮಾಡಿದೆ. ಬ್ಯಾಂಕಿನ ಬೌನ್ಸ್ ಶುಲ್ಕದಿಂದ ಆ ನಿಯಮ ಕಾಪಾಡುವುದಿಲ್ಲ.

ಒಮ್ಮೆ ಬೌನ್ಸ್ ಆದ ಕಂತಿಗೆ ಎರಡನೇ ಕಡಿತವನ್ನು ಕಾಯುತ್ತ ಕೂರುವುದು ಒಳ್ಳೆಯದಲ್ಲ ಎನ್ನುವುದು ಇದಕ್ಕೇ. ಎರಡನೇ ಸಲ ಕಳಿಸಲೇಬೇಕೆಂಬ ನಿಯಮವೇನೂ ಸಂಸ್ಥೆಗಿಲ್ಲ. ಕಳಿಸಿದರೂ ಯಾವ ದಿನ ಎಂಬುದು ಅದರ ಇಷ್ಟ. ಅದೇ ದಿನ ಆ್ಯಪಿನೊಳಗೆ ಹೋಗಿ ಕೈಯಿಂದಲೇ ಕಟ್ಟಿಬಿಡುವುದು ಸರಿಯಾದ ದಾರಿ. ಅದರಲ್ಲೂ ಒಂದು ಎಚ್ಚರ ಬೇಕು. ಎರಡನೇ ಕಡತ ಆಗಲೇ ಹೊರಟುಬಿಟ್ಟಿದ್ದರೆ ಕಂತು ಎರಡು ಸಲ ಹೋಗುವ ಸಂಭವವುಂಟು. ಹಾಗಾದರೆ ಹೆಚ್ಚಿಗೆ ಹೋದದ್ದನ್ನು ಹಿಂದಿರುಗಿಸಿಕೊಳ್ಳಬಹುದು. ಆದರೆ ಕಟ್ಟಿದ ರಸೀದಿಯ ಸ್ಕ್ರೀನ್‌ಶಾಟು, ವಹಿವಾಟಿನ ಸಂಖ್ಯೆ ಕೈಯಲ್ಲಿರಬೇಕು.

ಕಡಿತ ಯುಪಿಐ ಆಟೋಪೇ ಮೂಲಕ ಆಗುವುದಿದ್ದರೆ ಕಥೆ ಸ್ವಲ್ಪ ಬೇರೆ. ಅಲ್ಲಿ ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಬರಬೇಕು. ಹಣ ತೆಗೆಯಲು ಆಗದಿದ್ದರೆ ಒಂದು ಸಲದ ಮೇಲೆ ಇನ್ನು ಮೂರು ಸಲ ಪ್ರಯತ್ನಿಸಬಹುದು, ಅದೂ ಜನದಟ್ಟಣೆಯಿಲ್ಲದ ಹೊತ್ತಿನಲ್ಲಿ ಎಂದು 2025ರ ಆಗಸ್ಟ್‌ನಿಂದ ನಿಯಮವಾಗಿದೆ. 15,000 ರೂಪಾಯಿ ಮೀರಿದ ಕಂತಾದರೆ ಪಿನ್ ಹಾಕದೆ ಹಣ ಹೋಗುವುದಿಲ್ಲ. ನನಗೆ ಇದರಲ್ಲಿ ಬಹಳ ಉಪಯುಕ್ತ ಅನ್ನಿಸುವುದು ಆ ಹಿಂದಿನ ದಿನದ ಸೂಚನೆ. ಅದು ಬರಲೇ ಇಲ್ಲವೆಂದರೆ ಮ್ಯಾಂಡೇಟೇ ರದ್ದಾಗಿದೆಯೇ, ಖಾತೆ ಬದಲಾಗಿದೆಯೇ, ಗರಿಷ್ಠ ಮೊತ್ತ ಕಂತಿಗಿಂತ ಕಡಿಮೆಯಿದೆಯೇ ಎಂದು ಆಗಲೇ ನೋಡಬಹುದು. ಖಾತೆ ತುಂಬ ಹಣವಿದ್ದೂ ಕಂತು ಬೌನ್ಸ್ ಆಗುವುದು ಹೆಚ್ಚಾಗಿ ಈ ಮೂರರಲ್ಲಿ ಒಂದರಿಂದ.

ನಮ್ಮ ಉದಾಹರಣೆಯ ಹೆಣ್ಣುಮಗಳು ಹನ್ನೊಂದನೇ ತಾರೀಖು ಸಂಬಳ ಬಂದ ಕೂಡಲೇ ಆ್ಯಪಿನಲ್ಲಿ ಕಟ್ಟಿದಳು. ಆರು ದಿನ ತಡ. ಈ ಆರು ದಿನ ಎಲ್ಲೆಲ್ಲಿ ಬರೆದಾಯಿತು?

ಮೊದಲು ಸಂಸ್ಥೆಯ ಸ್ವಂತ ಲೆಕ್ಕದಲ್ಲಿ. ಪ್ರತಿ ರಾತ್ರಿ ದಿನದ ಲೆಕ್ಕ ಮುಚ್ಚುವಾಗ ಕಂಪ್ಯೂಟರು ಪ್ರತಿ ಖಾತೆಗೂ ಒಂದು ಪ್ರಶ್ನೆ ಕೇಳುತ್ತದೆ: ಕಟ್ಟಬೇಕಾದದ್ದು ಕಟ್ಟಿದೆಯೇ? ಇಲ್ಲವೆಂದಾದರೆ ಆ ಕ್ಷಣದಿಂದ ಬಾಕಿಯ ದಿನಗಳ ಎಣಿಕೆ ಶುರು. ಮೂವತ್ತು ದಿನದೊಳಗಿನ ಬಾಕಿಗೆ ಒಂದು ದರ್ಜೆ, ಅರವತ್ತರವರೆಗೆ ಇನ್ನೊಂದು, ತೊಂಬತ್ತರವರೆಗೆ ಮತ್ತೊಂದು, ತೊಂಬತ್ತು ದಾಟಿದರೆ ವಸೂಲಾಗದ ಸಾಲ. ಸಾಲ ಆರು ಸಾವಿರದ್ದೇ ಆಗಲಿ ಆರು ಕೋಟಿಯದ್ದೇ ಆಗಲಿ ಇದೇ ಎಣಿಕೆ. ಐದನೇ ತಾರೀಖು ರಾತ್ರಿ ಲೆಕ್ಕ ಮುಚ್ಚುವ ಮೊದಲು ಕಟ್ಟಿದ್ದರೆ ಬೌನ್ಸ್ ಆದದ್ದು ದಾಖಲೆಯಲ್ಲಿ ಉಳಿದರೂ ಬಾಕಿ ಎಂಬುದು ಹುಟ್ಟುತ್ತಲೇ ಇರಲಿಲ್ಲ. ಬ್ಯಾಂಕಿನ ಸರ್ವರ್ ಕೆಟ್ಟು ಕಂತು ಹೋಗದೆ ಇದ್ದಾಗಲೂ ಇದು ನೆನಪಿರಬೇಕು. ತಪ್ಪು ಬ್ಯಾಂಕಿನದೇ ಆದರೂ ಈ ಗಡಿಯಾರ ನಿಲ್ಲುವುದಿಲ್ಲ. ಅವತ್ತೇ ಕಟ್ಟಿ, ಶುಲ್ಕದ ಜಗಳ ಆಮೇಲೆ ಮಾಡುವುದು ಲೇಸು. ಅಂಥ ಜಗಳಕ್ಕೆ ಬೇಕಾದ ಪುರಾವೆ ಆ ದಿನ ಬೆಳಗ್ಗೆ ಖಾತೆಯಲ್ಲಿ ಹಣವಿತ್ತು ಎಂದು ತೋರಿಸುವ ಸ್ಟೇಟ್‌ಮೆಂಟು.

ಎರಡನೆಯದು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಾಲಮಾಹಿತಿ ಸಂಸ್ಥೆಗಳ ದಾಖಲೆ. ಅಲ್ಲಿಗೆ ಪ್ರತಿದಿನದ ಲೆಕ್ಕ ಹೋಗುವುದಿಲ್ಲ. ಗೊತ್ತಾದ ದಿನ ಖಾತೆಯ ಸ್ಥಿತಿ ಹೇಗಿತ್ತೋ ಹಾಗೆ ಚಿತ್ರ ತೆಗೆದು ಕಳಿಸಿದಂತೆ ಹೋಗುತ್ತದೆ. ಮೊದಲು ಇದು ತಿಂಗಳಿಗೊಮ್ಮೆ ಇತ್ತು. 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸಬೇಕಾಯಿತು, ತಿಂಗಳ 15ರಂದು ಇದ್ದ ಸ್ಥಿತಿ ಒಂದು ಸಲ, ಕೊನೆಯ ದಿನದ್ದು ಇನ್ನೊಂದು ಸಲ. ಆ ಲೆಕ್ಕದಲ್ಲಿ ನೋಡಿದರೆ ಹನ್ನೊಂದಕ್ಕೆ ಕಟ್ಟಿದಾಕೆಯ ಚಿತ್ರ ಹದಿನೈದರಂದು ಶುಭ್ರವಾಗಿರುತ್ತದೆ. ಬಾಕಿ ಸೊನ್ನೆ ದಿನ. ಅದೇ ಆಕೆ ಹದಿನಾರಕ್ಕೆ ಕಟ್ಟಿದ್ದರೆ ‘ಹತ್ತು ದಿನ ಬಾಕಿ’ ಎಂಬುದು ನಾಲ್ಕೂ ಕಡೆ ಬರೆದುಹೋಗುತ್ತಿತ್ತು. ಮುಂದೆ ಮನೆಸಾಲ ಕೇಳಲು ಹೋದಾಗ ಬೇರೆ ಬ್ಯಾಂಕಿನ ಅಧಿಕಾರಿಗೂ ಕಾಣುತ್ತಿತ್ತು. ವರದಿಯ ಗಡುವು ಬಿಗಿಯಾದಷ್ಟೂ ಈ ಸಂದು ಕಿರಿದಾಗುತ್ತದೆ. ಹಾಗಾಗಿ ಅದನ್ನೇ ನಂಬಿ ಕೂರುವಂತಿಲ್ಲ.

ಸಿಬಿಲ್‌ನಲ್ಲಿ ಏನೂ ಬರೆಯದಿದ್ದ ಮೇಲೆ ಆಕೆಗೆ ತೊಂದರೆ ಇಲ್ಲ ಅನ್ನಬಹುದು. ಆದರೆ ವಾರ ಕಳೆದ ಮೇಲೆ ಆ್ಯಪ್ ತೆರೆದರೆ 30,000 ಇದ್ದ ಮಿತಿ 7,500 ಆಗಿದೆ. ಕಂತು ಕಟ್ಟಿ ಆಗಿದೆ, ದಂಡ ಕೊಟ್ಟಾಗಿದೆ, ಆದರೂ ಮಿತಿ ಕಾಲು ಭಾಗಕ್ಕೆ ಇಳಿದಿದೆ. ಇದೆಂಥ ಅನ್ಯಾಯ ಅನ್ನಿಸುವುದು ಸಹಜ. ಈ ಇಳಿತದ ಹಿಂದಿರುವ ಗಣಿತವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಊರಿನ ಕಿರಾಣಿ ಅಂಗಡಿಯವರು ಉದ್ರಿ ಕೊಡುವಾಗ ಮುಖ ನೋಡುತ್ತಾರೆ, ಮನೆತನ ನೋಡುತ್ತಾರೆ, ‘ಸಂಬಳ ತಡವಾಯಿತಂತೆ’ ಎಂಬ ಸುದ್ದಿಯನ್ನೂ ಕೇಳಿರುತ್ತಾರೆ. ಆ್ಯಪಿಗೆ ಇದಾವುದೂ ಗೊತ್ತಿಲ್ಲ. ಅದರ ಬಳಿ ಇರುವುದು ಆಕೆಯನ್ನು ಹೋಲುವ ಸಾವಿರಾರು ಹಳೆಯ ಗ್ರಾಹಕರು ಮುಂದೆ ಏನು ಮಾಡಿದರು ಎಂಬ ದಾಖಲೆ. ಅದರಿಂದ ಅದು ಮೂರು ಸಂಖ್ಯೆ ತೆಗೆಯುತ್ತದೆ. ಇಂಥವರಲ್ಲಿ ನೂರಕ್ಕೆ ಎಷ್ಟು ಜನ ಕೈಯೆತ್ತುತ್ತಾರೆ, ಕೈಯೆತ್ತಿದರೆ ಸಾಲದಲ್ಲಿ ಎಷ್ಟು ಪಾಲು ಮುಳುಗುತ್ತದೆ, ಆ ಹೊತ್ತಿಗೆ ಎಷ್ಟು ಸಾಲ ಹೊರಗಿರುತ್ತದೆ. ಮೂರನ್ನೂ ಗುಣಿಸಿದರೆ ಬರುವುದು ನಿರೀಕ್ಷಿತ ನಷ್ಟ. ಬ್ಯಾಂಕಿಂಗ್‌ನ ಉದ್ದಗಲಕ್ಕೂ ಬಳಕೆಯಲ್ಲಿರುವ ಲೆಕ್ಕ ಇದು.

ವಿವರಣೆಗೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ಬೌನ್ಸ್ ಆಗುವ ಮುಂಚೆ ಆಕೆಯಂಥವರಲ್ಲಿ ನೂರಕ್ಕೆ ಇಬ್ಬರು ಕೈಯೆತ್ತುತ್ತಿದ್ದರು. ಕೈಯೆತ್ತಿದರೆ ಶೇ. 80 ಮುಳುಗುತ್ತದೆ, ಏಕೆಂದರೆ ಈ ಸಾಲಕ್ಕೆ ಒತ್ತೆ ಇಲ್ಲ, ಐದಾರು ಸಾವಿರಕ್ಕೆ ನ್ಯಾಯಾಲಯಕ್ಕೆ ಹೋದರೆ ಖರ್ಚೇ ಹೆಚ್ಚು. 30,000 ಮಿತಿಯನ್ನು ಪೂರ್ತಿ ಬಳಸಿದರೆಂದುಕೊಂಡು ಲೆಕ್ಕ ಹಾಕಿದರೆ ನಿರೀಕ್ಷಿತ ನಷ್ಟ 480 ರೂಪಾಯಿ. ಬಡ್ಡಿಯಿಲ್ಲದ ಕಂತಿನಲ್ಲಿ ಸಂಸ್ಥೆಗೆ ಬರುವುದು ಮುಖ್ಯವಾಗಿ ಅಂಗಡಿಯವರು ಕೊಡುವ ಸಣ್ಣ ಕಮಿಷನ್ನು. ಅದರಲ್ಲಿ ಈ ನಷ್ಟವನ್ನು ಹೇಗೋ ತೂಗಿಸಿಕೊಂಡು ಹೋಗುತ್ತಾರೆ.

ಈಗ ಅದೇ ಗ್ರಾಹಕಿಯ ಮೊದಲ ಕಂತೇ ಎರಡು ಸಲ ಬೌನ್ಸ್ ಆಗಿ, ಆರು ದಿನ ತಡವಾಯಿತು. ಹಳೆಯ ದಾಖಲೆಯಲ್ಲಿ ಹೀಗಾದವರ ಗುಂಪಿನಲ್ಲಿ ನೂರಕ್ಕೆ ಎಂಟು ಜನ ಕೈಯೆತ್ತಿದ್ದರು ಎಂದಿಟ್ಟುಕೊಳ್ಳಿ. ಹಾಗಾದರೆ ಅದೇ 30,000ಕ್ಕೆ ನಿರೀಕ್ಷಿತ ನಷ್ಟ 1,920 ರೂಪಾಯಿ. ಸಂಸ್ಥೆ ಅದನ್ನು ಮತ್ತೆ 480ಕ್ಕೆ ತರಬೇಕು. ಆಕೆಯ ಸ್ವಭಾವವನ್ನು ಅದು ಬದಲಿಸಲಾರದು, ಮುಳುಗುವ ಪಾಲನ್ನೂ ಬದಲಿಸಲಾರದು. ಅದರ ಕೈಯಲ್ಲಿರುವುದು ಮೂರನೆಯ ಸಂಖ್ಯೆ ಮಾತ್ರ, ಅಂದರೆ ಮಿತಿ. ಅಪಾಯ ನಾಲ್ಕು ಪಟ್ಟಾದರೆ ಮಿತಿ ಕಾಲು ಭಾಗ. 30,000ದ ಜಾಗದಲ್ಲಿ 7,500. ಆಕೆಗೆ ಕಡಿಮೆ ಬಿದ್ದದ್ದು 360 ರೂಪಾಯಿ ಎಂಬ ಸಂಗತಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಇದರಲ್ಲಿ ಮೊದಲ ಕಂತಿಗೆ ವಿಶೇಷ ತೂಕ. ಹತ್ತು ಕಂತು ಸರಿಯಾಗಿ ಕಟ್ಟಿದವರ ಹನ್ನೊಂದನೆಯದು ತಪ್ಪಿದರೆ, ಹಿಂದಿನ ಹತ್ತು ಅವರ ಪರವಾಗಿ ಮಾತಾಡುತ್ತವೆ. ಮೊದಲನೆಯದೇ ತಪ್ಪಿದರೆ ಮಾತಾಡಲು ಏನೂ ಇಲ್ಲ. ಬೇರೆಯವರ ಪ್ಯಾನ್ ಬಳಸಿ ಸಾಮಾನು ಎತ್ತಿಕೊಂಡು ಹೋಗುವ ವಂಚಕರು ತಪ್ಪಿಸುವುದೂ ಮೊದಲ ಕಂತನ್ನೇ. ಸಂಬಳ ತಡವಾದ ಪ್ರಾಮಾಣಿಕರೂ ಆ ವಂಚಕರೂ ಮೊದಲ ಕೆಲವು ದಿನ ಕಂಪ್ಯೂಟರಿನ ಕಣ್ಣಿಗೆ ಒಂದೇ ಥರ ಕಾಣುತ್ತಾರೆ. ಅವರನ್ನು ಬೇರೆಮಾಡುವುದು ಎಷ್ಟು ದಿನದಲ್ಲಿ ಬಂದು ಕಟ್ಟಿದರು ಎಂಬುದೇ. ಅದೇ ದಿನ ಕೈಯಿಂದ ಕಟ್ಟಿದವರು, ಎರಡನೇ ಕಡಿತದಲ್ಲಿ ಹಣ ಹೋದವರು, ವಸೂಲಿಯವರ ಫೋನು ಬಂದ ಮೇಲೆ ಕಟ್ಟಿದವರು, ಈ ಮೂವರೂ ಕಟ್ಟಿದ ಮೊತ್ತ ಒಂದೇ ಆದರೂ ಅವರ ಮುಂದಿನ ಮಿತಿ ಒಂದೇ ಆಗಿರುವುದಿಲ್ಲ.

ಇನ್ನು ಕೊಳ್ಳುವ ಹೊತ್ತಿನ ವೈಫಲ್ಯ. ಮುಂದಿನ ವಾರ ಆಕೆ 1,200 ರೂಪಾಯಿಯ ಕುಕ್ಕರ್ ಕೊಳ್ಳಲು ಹೋದಳು. ಆ್ಯಪಿನಲ್ಲಿ ಮಿತಿ 7,500 ಎಂದಿದೆ, ಆದರೆ ಪೇ ಲೇಟರ್ ಒತ್ತಿದರೆ ‘ಈ ಆರ್ಡರಿಗೆ ಲಭ್ಯವಿಲ್ಲ’ ಎಂದು ಬರುತ್ತದೆ. ಕೆಟ್ಟುಹೋಗಿದೆ ಎಂದು ಆಕೆ ನಾಲ್ಕಾರು ಸಲ ಒತ್ತುತ್ತಾಳೆ. ಕೆಟ್ಟಿಲ್ಲ. ವಾಷಿಂಗ್ ಮೆಷಿನ್ನಿನ ಎರಡು ಕಂತು, ಅಂದರೆ 12,000 ಇನ್ನೂ ಕಟ್ಟಬೇಕಿದೆ. ಮಿತಿ 7,500ಕ್ಕೆ ಇಳಿದ ಮೇಲೆ ಬಳಸಿದ್ದೇ ಮಿತಿಗಿಂತ ಹೆಚ್ಚು. ಉಳಿದದ್ದು ಸೊನ್ನೆ. ಎರಡನೇ ಕಂತು ಕಟ್ಟಿದ ಮೇಲೆ 1,500 ರೂಪಾಯಿ ಜಾಗ ಸಿಗುತ್ತದೆ, ಮೂರನೆಯದಾದ ಮೇಲೆ ಪೂರ್ತಿ 7,500. ಹೀಗೆ ಕಂತಿನ ದಿನದ ಬೌನ್ಸೇ ಎಷ್ಟೋ ಸಲ ಮುಂದೆ ಕೊಳ್ಳುವ ಪುಟದಲ್ಲಿ ಇನ್ನೊಂದು ವೈಫಲ್ಯವಾಗಿ ಕಾಣಿಸಿಕೊಳ್ಳುತ್ತದೆ.

ಕೊಳ್ಳುವಾಗ ನಿರಾಕರಣೆಯಾಯಿತು ಎಂಬುದಷ್ಟೇ ಸಿಬಿಲ್‌ನಲ್ಲಿ ಬಾಕಿ ಎಂದು ದಾಖಲಾಗುವುದಿಲ್ಲ. ಸಾಲವೇ ಹುಟ್ಟದ ಮೇಲೆ ಬಾಕಿ ಎಲ್ಲಿಂದ ಬರಬೇಕು? ಆದರೆ ಒಂದು ಆ್ಯಪ್ ಬೇಡವೆಂದಿತು ಎಂದು ಅದೇ ಸಂಜೆ ನಾಲ್ಕು ಬೇರೆ ಆ್ಯಪ್‌ಗಳಲ್ಲಿ ಹೊಸದಾಗಿ ಮಿತಿಗೆ ಅರ್ಜಿ ಹಾಕುವವರಿದ್ದಾರೆ. ಹಾಗೆ ಹಾಕಿದ ಅರ್ಜಿಗಳಿಗಾಗಿ ಸಂಸ್ಥೆಗಳು ಮಾಡುವ ವಿಚಾರಣೆ ವರದಿಯಲ್ಲಿ ಉಳಿಯುತ್ತದೆ. ಒಂದೇ ವಾರದಲ್ಲಿ ನಾಲ್ಕೈದು ವಿಚಾರಣೆ ಕಂಡರೆ ಹಣದ ಮುಗ್ಗಟ್ಟಿನಲ್ಲಿದ್ದಾರೆ ಎಂಬ ಅರ್ಥ ಬರುತ್ತದೆ. ಒಂದೇ ಫೋನಿನಿಂದ ಐದು ನಿಮಿಷದಲ್ಲಿ ಪದೇಪದೇ ಒತ್ತುವುದನ್ನೂ ಅಪಾಯ ಅಳೆಯುವ ವ್ಯವಸ್ಥೆಗಳು ವಂಚನೆಯ ಲಕ್ಷಣವೆಂದು ಎಣಿಸಬಹುದು.

ಕೊಳ್ಳುವಾಗಿನ ವೈಫಲ್ಯಗಳಲ್ಲಿ ನಿಜಕ್ಕೂ ಭಯಪಡಬೇಕಾದದ್ದು ಒಂದಿದೆ. ಸಂಸ್ಥೆ ಸಾಲ ಮಂಜೂರು ಮಾಡಿರುತ್ತದೆ, ಆದರೆ ಆ ಉತ್ತರ ಅಂಗಡಿಯ ಸರ್ವರಿಗೆ ತಲುಪುವ ಮೊದಲೇ ಸಂಪರ್ಕ ಕಡಿದುಹೋಗುತ್ತದೆ. ಅಂಗಡಿಯ ಪುಟದಲ್ಲಿ ‘ಪಾವತಿ ವಿಫಲ’ ಎಂದಿರುತ್ತದೆ, ಆರ್ಡರ್ ಇರುವುದಿಲ್ಲ. ಆ ಕಡೆ ಸಾಲದ ಖಾತೆ ಮಾತ್ರ ತೆರೆದುಕೊಂಡಿರುತ್ತದೆ. ಗ್ರಾಹಕರು ಮತ್ತೊಮ್ಮೆ ಒತ್ತಿ ಸಾಮಾನು ತರಿಸಿಕೊಳ್ಳುತ್ತಾರೆ. ತಿಂಗಳಾದ ಮೇಲೆ ಒಂದೇ ಸಾಮಾನಿಗೆ ಎರಡು ಕಂತು ಬರುತ್ತದೆ. ಅಷ್ಟು ಹಣ ಖಾತೆಯಲ್ಲಿಲ್ಲದೆ ಎರಡೂ ಬೌನ್ಸ್ ಆಗುತ್ತವೆ. ಮಾಡದ ಸಾಲಕ್ಕೆ ಮಿತಿ ಕಳೆದುಕೊಳ್ಳುವುದೆಂದರೆ ಇದು.

ಇದನ್ನು ಪತ್ತೆಮಾಡುವುದು ಕಷ್ಟವಲ್ಲ. ವಿಫಲ ಎಂದು ಬಂದ ಕೂಡಲೇ ಮತ್ತೆ ಒತ್ತದೆ, ಪೇ ಲೇಟರ್ ಆ್ಯಪ್ ತೆರೆದು ಉಳಿದಿರುವ ಮಿತಿ ಕಡಿಮೆಯಾಗಿದೆಯೇ ನೋಡಬೇಕು. ಕಡಿಮೆಯಾಗಿದ್ದರೆ ಎರಡರಲ್ಲಿ ಒಂದು ನಡೆದಿದೆ. ಹಣವನ್ನು ಬರೀ ತಡೆಹಿಡಿದಿರಬಹುದು, ಹಾಗಾದರೆ ಕೆಲವು ದಿನದಲ್ಲಿ ತಾನಾಗಿ ಬಿಡುಗಡೆಯಾಗುತ್ತದೆ. ಅಥವಾ ಸಾಲವೇ ಹುಟ್ಟಿರಬಹುದು, ಹಾಗಾದರೆ ಆ್ಯಪಿನಲ್ಲಿ ಕಂತಿನ ಪಟ್ಟಿ ಕಾಣುತ್ತದೆ, ಸಾಲದ ವಿವರಪತ್ರ ಇಮೇಲಿಗೆ ಬಂದಿರುತ್ತದೆ. ಕಂತಿನ ಪಟ್ಟಿ ಕಂಡರೆ ಅಂಗಡಿಯಿಂದ ‘ಆರ್ಡರ್ ಆಗಿಲ್ಲ’ ಎಂದು ಬರೆಸಿಕೊಂಡು ಸಂಸ್ಥೆಗೆ ಕಳಿಸಿ ಸಾಲ ರದ್ದು ಮಾಡಿಸಬೇಕು. ಹಣ ಅಂಗಡಿಗೆ ಹೋಗಿದ್ದರೆ ಅಂಗಡಿಯೇ ಅದನ್ನು ಸಂಸ್ಥೆಗೆ ಹಿಂದಿರುಗಿಸಬೇಕು. ಮೊದಲ ಕಂತಿನ ದಿನದೊಳಗೆ ಇದು ಮುಗಿಯದಿದ್ದರೆ ಬಾಕಿಯ ಎಣಿಕೆ ಶುರುವಾಗಿಬಿಡುತ್ತದೆ, ಆದ್ದರಿಂದ ತಾರೀಖು ನೋಡಿಕೊಂಡು ಓಡಾಡಬೇಕು. ಡಿಜಿಟಲ್ ಸಾಲಕ್ಕೆಲ್ಲ ಕನಿಷ್ಠ ಒಂದು ದಿನ ಮನಸ್ಸು ಬದಲಿಸುವ ಅವಕಾಶ ಇರಬೇಕೆಂದು ನಿಯಮವಿದೆ. ಅಸಲು ಮತ್ತು ಆ ಅವಧಿಯ ಬಡ್ಡಿ ಕೊಟ್ಟು, ದಂಡವಿಲ್ಲದೆ ಹೊರಬರಬಹುದು.

ಸಂಸ್ಥೆ ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ, ಇಲ್ಲವೇ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಸಾಲಮಾಹಿತಿ ವರದಿಯಲ್ಲಿ ತಪ್ಪು ಬಾಕಿ ಬಿದ್ದಿದ್ದರೆ ಆ ವರದಿ ಕೊಟ್ಟ ಸಂಸ್ಥೆಯಲ್ಲಿಯೇ ತಕರಾರು ಹಾಕಬೇಕು. ದೂರು ಮೂವತ್ತು ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನೂರು ರೂಪಾಯಿಯಂತೆ ಪರಿಹಾರ ಸಿಗಬೇಕು ಎಂದು 2024ರ ಏಪ್ರಿಲ್‌ನಿಂದ ನಿಯಮ ಜಾರಿಯಲ್ಲಿದೆ. ಪ್ರತಿ ಸಾಲಮಾಹಿತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಪೇ ಲೇಟರ್ ಬಳಸುವವರು ಅದನ್ನು ತರಿಸಿಕೊಂಡು ನೋಡುವುದೊಳ್ಳೆಯದು. ಸಾಲ ಕೊಡುವ ಕೆಲವು ಸಂಸ್ಥೆಗಳು ಪ್ರತಿ ಖರೀದಿಯನ್ನೂ ಒಂದೊಂದು ಪ್ರತ್ಯೇಕ ಸಾಲವೆಂದು ವರದಿ ಮಾಡುತ್ತವೆ. ಒಂದು ಬಕೆಟ್ಟು, ಒಂದು ಚಪ್ಪಲಿ ಕೊಂಡದ್ದೂ ಎರಡು ಸಾಲವಾಗಿ ಅಲ್ಲಿರಬಹುದು.

ಇಳಿದ ಮಿತಿ ಮತ್ತೆ ಏರುತ್ತದೆಯೇ? ಏರಬಹುದು, ಆದರೆ ಇಳಿದಷ್ಟು ವೇಗವಾಗಿ ಅಲ್ಲ. ಇಳಿಸಲು ಎರಡು ಬೌನ್ಸ್ ಸಾಕಾಯಿತು. ಏರಿಸಲು ನೂರಕ್ಕೆ ಎಂಟರ ಗುಂಪಿನಿಂದ ನೂರಕ್ಕೆ ಎರಡರ ಗುಂಪಿಗೆ ಆಕೆ ಮರಳಿದ್ದಾಳೆ ಎಂದು ದಾಖಲೆ ತೋರಿಸಬೇಕು, ಅದಕ್ಕೆ ಒಂದರ ಹಿಂದೊಂದು ಹಲವು ಕಂತು ಗೊತ್ತಾದ ದಿನ ಹೋಗಬೇಕು. ಆಕೆ ಆ್ಯಪನ್ನೇ ಬಳಸದೆ ಸುಮ್ಮನಿದ್ದರೆ ಹೊಸ ಕಂತುಗಳೇ ಇರುವುದಿಲ್ಲ, ಸಂಸ್ಥೆಯ ಅಂದಾಜು ಹಳೆಯ ಬೌನ್ಸಿನ ಮೇಲೆಯೇ ನಿಂತಿರುತ್ತದೆ. ಕಡಿತದ ದಿನವನ್ನು ಸಂಬಳ ಬಂದ ಒಂದೆರಡು ದಿನದ ನಂತರಕ್ಕೆ ಬದಲಿಸಿಕೊಡಲು ಕೇಳಿದರೆ ಕೆಲವರು ಒಪ್ಪುತ್ತಾರೆ. ಹುಬ್ಬಳ್ಳಿಯ ಈ ಹೆಣ್ಣುಮಗಳಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದೇ, ಏಕೆಂದರೆ ಆಕೆಯ ತೊಂದರೆ ಹಣದ್ದಲ್ಲ, ತಾರೀಖಿನದು. ಮಿತಿ ಇಳಿಸುವಾಗ ಸಂಸ್ಥೆ ಆಕೆಯ ಒಪ್ಪಿಗೆ ಕೇಳಲಿಲ್ಲ. ಏರಿಸಬೇಕಾದರೆ ಮಾತ್ರ ಆಕೆಯೇ ಕೇಳಬೇಕು. ಗ್ರಾಹಕರ ಸ್ಪಷ್ಟ ಕೋರಿಕೆಯಿಲ್ಲದೆ ಮಿತಿ ಹೆಚ್ಚಿಸಬಾರದೆಂದು ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲ ನಿಯಮ ಹೇಳುತ್ತದೆ. ಬೇಕೆಂದರೆ ಕೇಳಬಹುದು, ಬೇಡವೆಂದರೆ 7,500ದಲ್ಲಿಯೇ ಉಳಿಯಬಹುದು.